ಒಂದೇ ಕಾರ್ಡಿನಲ್ಲಿ ಮೂವರು ಕಾಳವ್ವೆಯರು: ಶರಣೆಯರ ಗ್ರಂಥಸೂಚಿ ಕಟ್ಟಿದ ದಿನಚರಿ

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಜೂನ್ ಮೊದಲ ವಾರ ಇತಿಹಾಸ ವಿಭಾಗದ ಸರ್ ಬಂದು ಕೌಂಟರಿನ ಮೇಲೆ ಒಂದು ಚೀಟಿ ಇಟ್ಟು ಹೋದರು. ‘ಧಾರ್ಮಿಕ ಚಳವಳಿಗಳಲ್ಲಿ ಮಹಿಳೆ. ಟಿಪ್ಪಣಿಸಹಿತ ಗ್ರಂಥಸೂಚಿ. ಸುಮಾರು 30 ನಮೂದು. ತಿಂಗಳೊಳಗೆ’ ಎಂದಷ್ಟೇ ಅದರಲ್ಲಿತ್ತು. ಎಂ.ಎ. ವಿದ್ಯಾರ್ಥಿಗಳು ಕಿರುಪ್ರಬಂಧ ಬರೆಯಲು ಕೂರುವ ಮೊದಲು ಯಾವ ಪುಸ್ತಕ ಏತಕ್ಕೆ ಬರುತ್ತದೆ, ಏತಕ್ಕೆ ಬರುವುದಿಲ್ಲ ಎಂದು ತಿಳಿಯಲಿ ಎಂಬುದು ಅವರ ಉದ್ದೇಶ. ತಿಂಗಳು ಹೋಗಿ ಹನ್ನೊಂದು ವಾರವಾಯಿತು. ಮುಂದೆ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ನಾನು ಮುಗ್ಗರಿಸಿದ ಕಡೆ ಅವರು ಮುಗ್ಗರಿಸದಿರಲಿ ಎಂದು ನನ್ನ ನೋಟ್‌ಬುಕ್ಕನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಜೂನ್ 6ರಿಂದ 13

ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿದೆ. ನಮ್ಮ ಕಪಾಟುಗಳು, ಬೇರೆ ಗ್ರಂಥಾಲಯಗಳ ಆನ್‌ಲೈನ್ ಸೂಚಿಗಳು, ಹಳೆಯ ಪಿಎಚ್.ಡಿ. ಪ್ರಬಂಧಗಳ ಕೊನೆಯ ಪುಟಗಳು. ಎಂಟು ದಿನಕ್ಕೆ ಕಂಪ್ಯೂಟರಿನ ಹಾಳೆಯಲ್ಲಿ 126 ಸಾಲುಗಳಾದವು. ಬೌದ್ಧ ಥೇರಿಯರ ಪಾಲಿ ಗಾಥೆಗಳಿಂದ ಹಿಡಿದು ಆಂಡಾಳ್, ಮೀರಾ, ಬಹಿಣಾಬಾಯಿಯವರೆಗೆ ಎಲ್ಲರೂ ಅದರಲ್ಲಿದ್ದರು. ಬಹಳ ಖುಷಿಯಾಯಿತು, ಸಂಜೆ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತರಿಸಿ ತಿಂದೆವು. ಆ ಖುಷಿಗೆ ಅರ್ಥವಿರಲಿಲ್ಲ ಎನ್ನುವುದು ಮೂರೇ ದಿನದಲ್ಲಿ ಗೊತ್ತಾಯಿತು.

ಜೂನ್ 16

126ರಲ್ಲಿ 29 ನಮೂದುಗಳು ಪಟ್ಟಿಯಲ್ಲಿ ಆಗಲೇ ಇದ್ದ ಪುಸ್ತಕಗಳ ಬೇರೆ ಬೇರೆ ವೇಷಗಳು. ಎಲ್ಲಕ್ಕಿಂತ ಚೆನ್ನಾಗಿ ನನ್ನನ್ನು ಏಮಾರಿಸಿದ್ದು ಶಿವಶರಣೆಯರ ವಚನಗಳ ಸಂಪುಟ. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಮಾಲೆಯಲ್ಲಿ ಇದು ಐದನೆಯದು. ಮಾಲೆಗೆ ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ, ಈ ಸಂಪುಟಕ್ಕೆ ಸಂಪಾದಕರು ವೀರಣ್ಣ ರಾಜೂರ. ಒಂದು ಸೂಚಿ ಇದನ್ನು ಕಲಬುರ್ಗಿಯವರ ಹೆಸರಿನಲ್ಲಿ ಹಾಕಿತ್ತು, ಇನ್ನೊಂದು ರಾಜೂರರ ಹೆಸರಿನಲ್ಲಿ. ಮೂರನೆಯದು ಸಂಪಾದಕರನ್ನೇ ಬಿಟ್ಟು ಇಲಾಖೆಯನ್ನು ಕರ್ತೃವಾಗಿಸಿ, ಮರುಮುದ್ರಣದ ವರ್ಷ ಕೊಟ್ಟಿತ್ತು. ನನ್ನ ಹಾಳೆಯಲ್ಲಿ ಅದು ಮೂರು ಪುಸ್ತಕವಾಗಿ ಕುಳಿತಿತ್ತು.

ಕಂಪ್ಯೂಟರು ಇಂಥ ಜೋಡಿಗಳನ್ನು ಹಿಡಿಯುವುದಿಲ್ಲ. ಶೀರ್ಷಿಕೆಯಲ್ಲಿ ಒಂದು ಕಡೆ ‘ವಚನ ಸಂಪುಟ’, ಇನ್ನೊಂದು ಕಡೆ ‘ವಚನಸಂಪುಟ’ ಎಂದಿದ್ದರೆ ಸಾಕು, ಅದಕ್ಕೆ ಅವು ಎರಡು ಪುಸ್ತಕ. ಕೊನೆಗೆ ಪ್ರತಿ ಪುಸ್ತಕದ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಮುದ್ರಣ ವಿವರಗಳ ಪುಟ ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಫೋಟೊ ನೋಡಿಯೇ ನಮೂದು ಬರೆಯುವ ನಿಯಮ ಮಾಡಿಕೊಂಡೆ. ಮೊದಲ ದಿನವೇ ಹೀಗೆ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಉಳಿದದ್ದು 97.

ಜೂನ್ 18

ಸರ್ ಅವರ ಮುಂದೆ 97ರ ಪಟ್ಟಿ ಇಟ್ಟೆ. ಕನ್ನಡಕ ಹಣೆಗೇರಿಸಿ ಎರಡು ಪುಟ ತಿರುವಿದರು.

“ಮೇಡಂ, ಇದು ಜಾತ್ರೆ. ಎಲ್ಲ ಅಂಗಡಿಗಳೂ ಇವೆ. ನನ್ನ ಹುಡುಗರು ಕಳೆದುಹೋಗುತ್ತಾರೆ.”

“ಯಾವುದನ್ನು ತೆಗೆಯಲಿ ಸರ್?”

“ಅದನ್ನು ನೀವೇ ಹೇಳಬೇಕು. ತೆಗೆದದ್ದಕ್ಕೆ ಕಾರಣ ಬರೆದಿಡಿ, ಅಷ್ಟೇ.”

ಮೂವತ್ತು ನಮೂದುಗಳಲ್ಲಿ ಎರಡು ಸಾವಿರ ವರ್ಷಗಳನ್ನು ಹಿಡಿಸಲು ಹೋದರೆ ಥೇರಿಯರಿಗೆ ಎರಡು, ಮೀರಾಗೆ ಮೂರು ಪುಸ್ತಕ ದಕ್ಕುತ್ತವೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಹನ್ನೆರಡನೆಯ ಶತಮಾನದ ವಚನ ಚಳವಳಿಯ ಶರಣೆಯರಿಗೆ ಮಾತ್ರ ಸೀಮಿತ ಮಾಡಿದೆ. ಮೂಲ ಆಕರಗಳು ಕನ್ನಡದಲ್ಲಿವೆ, ನಮ್ಮ ಹುಡುಗರು ಅನುವಾದದ ಹಂಗಿಲ್ಲದೆ ಓದಬಲ್ಲರು ಎನ್ನುವುದು ಮುಖ್ಯ ಕಾರಣ. ಇನ್ನೊಂದು ಕಾರಣ, ಒಂದೇ ಚಳವಳಿಯೊಳಗೆ ರಾಣಿವಾಸ ಬಿಟ್ಟವಳೆಂದು ಹೇಳಲಾಗುವ ಅಕ್ಕಮಹಾದೇವಿಯೂ ಇದ್ದಾಳೆ, ಅಕ್ಕಿ ಆಯುವ ಕಾಯಕದ ಲಕ್ಕಮ್ಮನೂ ಇದ್ದಾಳೆ, ಸೂಳೆ ಸಂಕವ್ವೆಯೂ ಇದ್ದಾಳೆ. ಹೋಲಿಸಿ ನೋಡಲು ಬೇಕಾದಷ್ಟು ಸಾಮಗ್ರಿ ಅಲ್ಲೇ ಇದೆ.

ಆ ದಿನ 38 ನಮೂದುಗಳು ಹೊರಬಿದ್ದವು. ತೆಗೆಯಲು ಕೈಬರದೇ ಇದ್ದದ್ದು ತೇಜಸ್ವಿನಿ ನಿರಂಜನ ಅವರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ (1992). ವಚನಗಳ ಇಂಗ್ಲಿಷ್ ಅನುವಾದದ ಬಗ್ಗೆ ಮಾತು ಬಂದರೆ ಎಲ್ಲರೂ ಅದನ್ನು ನೆನೆಯುತ್ತಾರೆ. ಆದರೆ ಅದರಲ್ಲಿ ಎ.ಕೆ. ರಾಮಾನುಜನ್ ಅವರ ಅನುವಾದವನ್ನು ಬಿಡಿಸಿ ನೋಡಿರುವುದು ಅಲ್ಲಮನ ವಚನವೊಂದರ ಮೇಲೆ, ಶರಣೆಯರ ಮೇಲಲ್ಲ. ಹೆಸರಾಂತ ಪುಸ್ತಕ ಎಂಬ ಕಾರಣಕ್ಕೆ ಉಳಿಸಿಕೊಂಡರೆ ಮುಂದಿನ ಹತ್ತು ಹೆಸರಾಂತ ಪುಸ್ತಕಗಳನ್ನು ತಡೆಯಲು ನನ್ನ ಬಳಿ ಮಾತಿರುವುದಿಲ್ಲ. ತೆಗೆದೆ. ‘ವಿಷಯ: ಅಲ್ಲಮ, ಅನುವಾದ ತತ್ತ್ವಕ್ಕೆ ಮಾತ್ರ ಪ್ರಸ್ತುತ’ ಎಂದು ಕಾರಣದ ಅಂಕಣದಲ್ಲಿ ಬರೆದೆ. ಉಳಿದದ್ದು 59.

ಜೂನ್ 20

ಪಿ.ಜೆ. ಬಡಾವಣೆಯ ಸ್ಟೇಷನರಿ ಅಂಗಡಿಯಲ್ಲಿ ಮೂರು ಬಣ್ಣದ ಕಾರ್ಡುಗಳನ್ನು ತಂದೆ. ನೂರಿಪ್ಪತ್ತು ಕಾರ್ಡಿಗೆ 180 ರೂಪಾಯಿ. ಕಂಪ್ಯೂಟರ್ ಇರುವಾಗ ಇದೇಕೆ ಎಂದು ನಮ್ಮ ಅಟೆಂಡರ್ ಅಣ್ಣ ಕೇಳಿದರು. ಮೇಜಿನ ಮೇಲೆ ಹರಡಿ ಒಟ್ಟಿಗೆ ನೋಡಬೇಕಿತ್ತು, ಪರದೆಯ ಮೇಲೆ ಹದಿನೈದು ಸಾಲಿಗಿಂತ ಹೆಚ್ಚು ಕಾಣುವುದಿಲ್ಲ.

ಬಿಳಿ ಕಾರ್ಡು ಶರಣೆಯ ವಚನಗಳೇ ಇರುವ ಪುಸ್ತಕಕ್ಕೆ, ಹಳದಿ ಅವಳ ಬಗ್ಗೆ ನಂತರದ ಕವಿಗಳು, ಸಂಕಲನಕಾರರು ಹೇಳಿದ ಕಥೆಗೆ, ನೀಲಿ ಈ ಕಾಲದ ಅಧ್ಯಯನಕ್ಕೆ. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಇದು. ಆದರೂ ಬಣ್ಣ ಹಾಕುವುದು ಬೇರೆ, ಆ ಬಣ್ಣಕ್ಕೆ ತಕ್ಕಂತೆ ಟಿಪ್ಪಣಿ ಬರೆಯುವುದು ಬೇರೆ ಎಂದು ಮುಂದಿನ ವಾರ ತಿಳಿಯಿತು.

ಜೂನ್ 27

ಹದಿನಾಲ್ಕು ಟಿಪ್ಪಣಿಗಳನ್ನು ಬರೆದು ಕೊಟ್ಟೆ. ಹದಿನಾಲ್ಕೂ ವಾಪಸ್ಸು ಬಂದವು.

ಹರಿಹರ ಕವಿಯ ಮಹಾದೇವಿಯಕ್ಕನ ರಗಳೆಗೆ ನಾನು ಬರೆದದ್ದು ಹೀಗಿತ್ತು: ‘ಅಕ್ಕನ ಜೀವನ ಚರಿತ್ರೆ. ಕೌಶಿಕ ರಾಜನೊಂದಿಗಿನ ವಿವಾಹ, ಆತ ಮಾತು ತಪ್ಪಿದ್ದು, ಅವಳು ಅರಮನೆ ತೊರೆದದ್ದು ವಿವರವಾಗಿದೆ.’ ಅದರ ಮುಂದಿನ ಕಾರ್ಡಿನಲ್ಲಿ ಚಾಮರಸನ ಪ್ರಭುಲಿಂಗಲೀಲೆಗೆ ಬರೆದದ್ದು: ‘ಅಕ್ಕ ವಿವಾಹವನ್ನು ನಿರಾಕರಿಸಿದ ಪ್ರಸಂಗವಿದೆ.’ ಸರ್ ಎರಡೂ ಕಾರ್ಡುಗಳನ್ನು ಒಂದರ ಕೆಳಗೊಂದು ಇಟ್ಟು ಕೆಂಪು ಪೆನ್ನಿನಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಎರಡನ್ನೂ ನಾನೇ ಬರೆದಿದ್ದೆ, ಬರೆದ ಅಂತರ ಹತ್ತು ನಿಮಿಷ. ಒಂದರಲ್ಲಿ ಮದುವೆಯಾಗಿದೆ, ಇನ್ನೊಂದರಲ್ಲಿ ಆಗಿಲ್ಲ. ನನಗೆ ಕಣ್ಣಿಗೇ ಬಿದ್ದಿರಲಿಲ್ಲ. ಪುಸ್ತಕದಲ್ಲಿ ಏನಿದೆ ಎಂದು ಮಾತ್ರ ಬರೆಯುತ್ತಿದ್ದೆ, ಅದು ಯಾರ ಮಾತು, ಯಾವ ಕಾಲದ ಮಾತು ಎಂದು ಬರೆಯುತ್ತಿರಲಿಲ್ಲ. ಹರಿಹರ ಅಕ್ಕನಿಗೆ ಹತ್ತಿರದ ಕಾಲದವನು, ಚಾಮರಸ ಹದಿನೈದನೆಯ ಶತಮಾನದವನು. ಹರಿಹರನ ಅಕ್ಕ ತನ್ನ ಭಕ್ತಿಗೆ ಅಡ್ಡ ಬರಬಾರದೆಂದು ಷರತ್ತು ಹಾಕಿ ರಾಜನ ಮನೆ ಸೇರುತ್ತಾಳೆ, ಷರತ್ತು ಮುರಿದಾಗ ಹೊರಡುತ್ತಾಳೆ. ಸುಮಾರು ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಮನನ್ನು ನಾಯಕನನ್ನಾಗಿಸಿ ಬರೆದ ಕಾವ್ಯದಲ್ಲಿ ಅವಳು ಮದುವೆಯನ್ನೇ ಒಪ್ಪುವುದಿಲ್ಲ. ಚರಿತ್ರೆ ಬರೆಯುವ ವಿದ್ಯಾರ್ಥಿಗೆ ಬೇಕಾದದ್ದು ಈ ವ್ಯತ್ಯಾಸ. ಅಕ್ಕನ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನೇ ಗಂಡ, ಲೋಕದ ಗಂಡಂದಿರು ಸಾವು ಕೇಡುಳ್ಳವರು. ಈ ಮಾತನ್ನು ಎರಡು ಕಥೆಗಳೂ ತಮ್ಮ ಕಡೆಯ ಸಾಕ್ಷಿಯಾಗಿ ಎಳೆದುಕೊಳ್ಳಬಲ್ಲವು.

ಎರಡನೆಯ ಸಲ ಬರೆದ ಟಿಪ್ಪಣಿ: ‘ಅಕ್ಕನನ್ನು ಕುರಿತ ಹಳೆಯ ಕಥನ. ಭಕ್ತಿಕಾವ್ಯ, ಚರಿತ್ರೆಯ ದಾಖಲೆಯಾಗಿ ಬಳಸಬಾರದು. ವಿವಾಹ ಪ್ರಸಂಗಕ್ಕೆ ಚಾಮರಸನ ನಿರೂಪಣೆ ಇದಕ್ಕೆ ವಿರುದ್ಧವಾಗಿದೆ, ಎರಡನ್ನೂ ಒಟ್ಟಿಗೆ ಓದಬೇಕು. ಹದಿಮೂರನೆಯ ಶತಮಾನದ ಹೊತ್ತಿಗೆ ಅಕ್ಕನನ್ನು ಹೇಗೆ ನೆನೆಯುತ್ತಿದ್ದರು ಎಂಬ ಪ್ರಶ್ನೆಗೆ ಉಪಯುಕ್ತ.’

ಪಕ್ಕದ ಹರಿಹರ ಊರಿನ ಕಾಟವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕವಿಯ ಹೆಸರು ಹಾಕಿ ಹುಡುಕಿದಾಗಲೆಲ್ಲ ನಮ್ಮ ಹರಿಹರದ ತುಂಗಭದ್ರೆಯ ನೀರಿನ ಮಟ್ಟ, ನಗರಸಭೆ, ರೈಲಿನ ಸಮಯ ಬರುತ್ತಿದ್ದವು. ‘ರಗಳೆ’ ಎಂದು ಸೇರಿಸಿದರೆ ಮಾತ್ರ ಕವಿ ಬರುತ್ತಾನೆ.

ಶೂನ್ಯಸಂಪಾದನೆಗೂ ಇದೇ ಚಿಕಿತ್ಸೆ ಮಾಡಬೇಕಾಯಿತು. ಅದರಲ್ಲಿ ಅಲ್ಲಮ ಅಕ್ಕನನ್ನು ಪ್ರಶ್ನಿಸುತ್ತಾನೆ, ಅಕ್ಕ ಉತ್ತರಿಸುತ್ತಾಳೆ. ಅಣ್ಣ ಅಜಗಣ್ಣನ ಅಗಲಿಕೆಯಿಂದ ಕಂಗಾಲಾದ ಮುಕ್ತಾಯಕ್ಕನ ಜೊತೆಗೂ ಅಲ್ಲಮನ ಸಂವಾದವಿದೆ. ಓದುತ್ತಿದ್ದರೆ ಎದುರಿಗೇ ನಡೆದಂತಿರುತ್ತದೆ. ಬಿಡಿ ವಚನಗಳನ್ನು ಆಯ್ದು ಹೀಗೆ ಪ್ರಶ್ನೋತ್ತರವಾಗಿ ಪೋಣಿಸಿದವರು ಮಾತ್ರ ಹದಿನೈದನೆಯ ಶತಮಾನದ ಸುಮಾರಿನ ಸಂಕಲನಕಾರರು. ಮೊದಲನೆಯವನು ಶಿವಗಣಪ್ರಸಾದಿ ಮಹಾದೇವಯ್ಯ, ಅವನ ನಂತರ ಬೇರೆಯವರು ಅದನ್ನು ಪರಿಷ್ಕರಿಸಿದರು. ನಾನು ಮೊದಲ ಕರಡಿನಲ್ಲಿ ಇದಕ್ಕೆ ಬಿಳಿ ಕಾರ್ಡು ಕೊಟ್ಟಿದ್ದೆ. ವಚನಗಳು ಶರಣೆಯರವು ಎಂಬುದು ನಿಜ, ಅವುಗಳನ್ನು ಜೋಡಿಸಿದ ಕೈ ಅವರದಲ್ಲ. ಹಳದಿಗೆ ಬದಲಿಸಿದೆ.

ಜುಲೈ 3ರಿಂದ 9

ಅತಿ ದೊಡ್ಡ ತಪ್ಪು ಇಲ್ಲಿ ಆಯಿತು. ಒಳ್ಳೆಯ ಉದ್ದೇಶದಿಂದಲೇ ಆಯಿತು.

ವಚನ ಸಂಪುಟಗಳಲ್ಲಿ ಹಲವು ಶರಣೆಯರ ಹೆಸರು ಗಂಡನ ಹೆಸರಿನೊಂದಿಗೆ ಬರುತ್ತದೆ. ‘ಇಂಥವರ ಪುಣ್ಯಸ್ತ್ರೀ ಇಂಥವಳು’ ಎಂಬುದು ಹಸ್ತಪ್ರತಿಗಳ ಕಾಲದಿಂದ ಬಂದ ರೂಢಿ. ಮಹಿಳೆಯರ ಬಗ್ಗೆ ಸೂಚಿ ಮಾಡುತ್ತಾ ಪ್ರತಿ ಹೆಂಗಸನ್ನೂ ಗಂಡನ ಬಾಲಕ್ಕೆ ಕಟ್ಟುವುದು ನನಗೆ ಸರಿಬರಲಿಲ್ಲ. ಒಂದು ಮಧ್ಯಾಹ್ನ ಕುಳಿತು ಎಲ್ಲ ಶೀರ್ಷಿಕೆಗಳಿಂದಲೂ ಗಂಡಂದಿರನ್ನು ಹೊರಗಟ್ಟಿದೆ. ಹಾಳೆ ಬಹಳ ಚೊಕ್ಕಟವಾಗಿ ಕಂಡಿತು.

ಒಂದು ವಾರದ ಬಳಿಕ ಕಾಳವ್ವೆಯ ಕಾರ್ಡಿಗೆ ಟಿಪ್ಪಣಿ ಬರೆಯಲು ಕೂತಾಗ ಏನೋ ಕೂಡಿಬರಲಿಲ್ಲ. ಒಂದು ಲೇಖನ ಅವಳನ್ನು ಉರಿಲಿಂಗಪೆದ್ದಿಯ ಬಳಗದವಳೆನ್ನುತ್ತದೆ, ಇನ್ನೊಂದು ಅವಳ ಮನೆಯ ಕಾಯಕ ಬಾಚಿಯದು, ಅಂದರೆ ಮರಗೆಲಸದ್ದು ಎನ್ನುತ್ತದೆ. ಅಂಕಿತವೂ ಒಂದೊಂದು ಕಡೆ ಒಂದೊಂದು. ಸಂಪುಟ ತೆಗೆದು ನೋಡಿದರೆ ಕಾಳವ್ವೆಯರು ಮೂವರು! ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಅವರನ್ನು ಬೇರೆ ಮಾಡಿ ಹೇಳುತ್ತಿದ್ದ ಗುರುತನ್ನೇ ನಾನು ಅಳಿಸಿ, ಮೂವರು ಹೆಂಗಸರನ್ನು ಒಬ್ಬಳನ್ನಾಗಿಸಿದ್ದೆ.

ಗಂಡಂದಿರು ವಾಪಸ್ಸು ಬಂದರು. ಜೊತೆಗೆ ಒಂದು ಹೊಸ ಅಂಕಣವನ್ನೂ ಸೇರಿಸಿದೆ: ಅಂಕಿತ. ಉರಿಲಿಂಗಪೆದ್ದಿಗಳರಸ ಎಂದಿದ್ದರೆ ಮೊದಲನೆಯ ಕಾಳವ್ವೆ, ಅನುಮಾನವೇ ಇಲ್ಲ. ಒಬ್ಬ ಶರಣೆಯ ಬಗ್ಗೆ ಬರೆದ ಅಧ್ಯಯನ ಸರಿಯಾದವಳನ್ನೇ ಕುರಿತಿದೆಯೇ ಎಂದು ತಿಳಿಯಲು ಅದು ಉಲ್ಲೇಖಿಸಿದ ವಚನದ ಕೊನೆಯ ಸಾಲನ್ನು ನೋಡಿದರೆ ಸಾಕು, ಇಪ್ಪತ್ತು ಪುಟ ಓದಬೇಕಿಲ್ಲ. ಅಕ್ಕಮ್ಮ ಎಂಬ ಇನ್ನೊಬ್ಬ ಶರಣೆ ಇದ್ದಾಳೆ, ಅವಳ ಅಂಕಿತ ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’. ‘ಅಕ್ಕ’ ಎಂದು ಹುಡುಕಿದರೆ ಅವಳೂ ಅಕ್ಕಮಹಾದೇವಿಯೂ ಒಟ್ಟಿಗೆ ಬರುತ್ತಾರೆ, ನನ್ನ ಬಳಿ ಎರಡು ಲೇಖನಗಳು ತಪ್ಪು ಕಂತೆಗೆ ಸೇರಿದ್ದು ಹೀಗೆಯೇ. ಮೋಳಿಗೆ ಮಹಾದೇವಮ್ಮನನ್ನೂ ಅಕ್ಕಮಹಾದೇವಿಯ ಗುಂಪಿನಿಂದ ಬೇರ್ಪಡಿಸಬೇಕಾಯಿತು.

ಅಂದಹಾಗೆ ಈ ಅಂಕಿತದ ಅಂಕಣದಿಂದ ಅನುವಾದಗಳಿಗೆ ಟಿಪ್ಪಣಿ ಬರೆಯುವುದೂ ಹಗುರಾಯಿತು. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಪುಸ್ತಕದಲ್ಲಿ ನಾಲ್ವರು ವಚನಕಾರರಿದ್ದಾರೆ, ಅವರಲ್ಲಿ ಮಹಾದೇವಿಯಕ್ಕ ಒಬ್ಬಳೇ ಹೆಣ್ಣು. ಅಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಹೆಸರು ‘ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ’ ಎಂಬ ಅರ್ಥದ ಇಂಗ್ಲಿಷ್ ಮಾತಾಗಿದೆ. ಕವಿತೆಯಾಗಿ ಚೆಂದ. ಆದರೆ ಶ್ರೀಶೈಲದ ದೇವರ ಹೆಸರು ಅಲ್ಲಿ ವರ್ಣನೆಯಾಗಿಬಿಡುತ್ತದೆ, ಅಂಕಿತ ನೋಡಿ ಶರಣೆಯನ್ನು ಗುರುತಿಸುವ ದಾರಿ ಇಂಗ್ಲಿಷ್ ಓದುಗರಿಗೆ ಮುಚ್ಚುತ್ತದೆ. ಟಿಪ್ಪಣಿಯಲ್ಲಿ ಅಷ್ಟನ್ನೂ ಬರೆದೆ, ಪುಸ್ತಕವನ್ನು ಉಳಿಸಿಕೊಂಡೆ.

ಜುಲೈ 12

59ರಲ್ಲಿ 22 ಪುಸ್ತಕಗಳನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಬೇರೆಯವರ ಸೂಚಿಗಳಿಂದ ಎತ್ತಿಕೊಂಡಿದ್ದೆ. ಚಿತ್ರದುರ್ಗದಲ್ಲಿ ನಿವೃತ್ತ ಕನ್ನಡ ಮೇಷ್ಟರೊಬ್ಬರ ಮನೆಯಲ್ಲಿ ವಚನ ಸಾಹಿತ್ಯದ ದೊಡ್ಡ ಕಪಾಟಿದೆ ಎಂದು ಗೊತ್ತಾಗಿ ಹೊರಟೆ. ಬಸ್ಸಿನ ಖರ್ಚು ಸೊನ್ನೆ, ಶಕ್ತಿ ಯೋಜನೆಯ ಚೀಟಿ. ಬಸ್‌ ನಿಲ್ದಾಣದಿಂದ ಕೋಟೆಯ ಕಡೆಗೆ ಆಟೋಗೆ 60 ರೂಪಾಯಿ.

ಮೇಷ್ಟರು ಎಂಬತ್ತರ ಹತ್ತಿರದವರು. ಕಪಾಟಿನ ಬೀಗ ತೆಗೆದುಕೊಟ್ಟು ಎದುರಿನ ಕುರ್ಚಿಯಲ್ಲಿ ಕುಳಿತರು. ನಾನು ಫೋಟೊ ತೆಗೆದು, ಒಂದೊಂದು ವಚನಕ್ಕೂ ಪುಟ ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು.

“ಏನಮ್ಮಾ ಬರೆದುಕೊಳ್ಳುತ್ತಿದ್ದೀಯ?”

“ಪುಟ ಸಂಖ್ಯೆ, ಮೇಷ್ಟ್ರೇ.”

“ನಿನ್ನ ಹುಡುಗರ ಕೈಗೆ ಇದೇ ಮುದ್ರಣ ಸಿಗುತ್ತದೆಯೋ?”

ಸಿಗುವುದಿಲ್ಲ. ನಮ್ಮ ಕಾಲೇಜಿನಲ್ಲಿರುವುದು ನಂತರದ ಮುದ್ರಣ, ಪುಟಗಳು ಹೊಂದುವುದಿಲ್ಲ. “ವಚನದ ಮೊದಲ ಸಾಲು ಬರೆದುಕೋ, ಅಂಕಿತ ಬರೆದುಕೋ. ಸಂಪುಟದ ಕೊನೆಯಲ್ಲಿ ಅಕಾರಾದಿ ಇರುತ್ತದೆ, ಯಾವ ಮುದ್ರಣ ಹಿಡಿದವನಿಗೂ ಸಿಗುತ್ತದೆ” ಎಂದರು. ಐದು ವಾರ ಬರೆದ ಪುಟ ಸಂಖ್ಯೆಗಳನ್ನು ಮರುದಿನ ಹೊಡೆದುಹಾಕಿದೆ. ವಚನ ಸಂಚಯ ಜಾಲತಾಣದಲ್ಲಿ ಹುಡುಕುವುದಕ್ಕೂ ಮೊದಲ ಸಾಲೇ ಅನುಕೂಲ. ಒಂದೇ ಎಚ್ಚರಿಕೆಯೆಂದರೆ, ಇಡೀ ಸಾಲು ಹಾಕಬಾರದು. ನಡುಗನ್ನಡದ ‘ಹಿಡಿದಡೆ’ ಕೆಲವು ಮುದ್ರಣಗಳಲ್ಲಿ ‘ಹಿಡಿದೊಡೆ’ ಆಗಿರುತ್ತದೆ, ಎರಡು ಮೂರು ಗಟ್ಟಿ ಪದಗಳನ್ನು ಮಾತ್ರ ಹಾಕಿದರೆ ಸಿಗುತ್ತದೆ.

22ರಲ್ಲಿ ಆರು ಅಲ್ಲಿ ಸಿಕ್ಕವು. ಉಳಿದ 16ನ್ನು ಪಟ್ಟಿಯಿಂದ ತೆಗೆದೆ. ನೋಡದ ಪುಸ್ತಕಕ್ಕೆ ಟಿಪ್ಪಣಿ ಬರೆದರೆ ಅದು ಇನ್ನೊಬ್ಬರ ಟಿಪ್ಪಣಿಯ ಟಿಪ್ಪಣಿ. ಹಾಗೆ ಬರೆದ ಎರಡು ಆಗಲೇ ನನ್ನ ಹಾಳೆಯಲ್ಲಿದ್ದವು ಎಂದು ಒಪ್ಪಿಕೊಳ್ಳುತ್ತೇನೆ. ಅದರಲ್ಲೊಂದರ ಪ್ರಕಟಣೆಯ ವರ್ಷವೇ ತಪ್ಪಿತ್ತು, ಮೂಲ ಸೂಚಿಯ ಅಚ್ಚಿನ ದೋಷ ನನ್ನ ಮೂಲಕ ಇನ್ನೊಂದು ತಲೆಮಾರಿಗೆ ದಾಟುವುದರಲ್ಲಿತ್ತು. ಉಳಿದದ್ದು 43.

ಜುಲೈ 21

ಒಂದು ವಿಮರ್ಶಾ ಸಂಕಲನದ ಪಿಡಿಎಫ್ ಇತ್ತು. ‘ಸಂಕವ್ವೆ’ ಎಂದು ಟೈಪಿಸಿ ಹುಡುಕಿದೆ, ಸೊನ್ನೆ ಫಲಿತಾಂಶ. ‘ಈ ಗ್ರಂಥದಲ್ಲಿ ಸಂಕವ್ವೆಯ ಪ್ರಸ್ತಾಪವಿಲ್ಲ’ ಎಂದು ಟಿಪ್ಪಣಿ ಬರೆದೆ. ಇನ್ನೊಂದು ಪಿಡಿಎಫ್‌ಗೂ ಹಾಗೆಯೇ ಬರೆದೆ. ಅದೇ ಸಂಜೆ ಬೇರೇನೋ ಉಲ್ಲೇಖಕ್ಕೆ ಮೊದಲ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಅಂಟಿಸಿದಾಗ ‘ವಚನ’ ಎಂಬ ಪದದ ಜಾಗದಲ್ಲಿ ಹೀಗೆ ಬಂತು:

```
ªÀZÀ£À
```

ಯೂನಿಕೋಡ್ ಬರುವ ಮೊದಲಿನ ಬಗೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಲ್ಯಾಟಿನ್ ಅಕ್ಷರಗಳ ಸಂತೆ. ನಾನು ಹಾಕಿದ ಯೂನಿಕೋಡ್ ಪದ ಅದರಲ್ಲಿ ಎಂದಿಗೂ ಸಿಗುವುದಿಲ್ಲ. ಪುಟ ತಿರುಗಿಸಿ ಓದಿದರೆ ಸಂಕವ್ವೆಗೆ ನಾಲ್ಕು ಪುಟಗಳೇ ಮೀಸಲಾಗಿದ್ದವು. ಎರಡನೆಯ ಪಿಡಿಎಫ್ ಬರೀ ಫೋಟೊಗಳ ಕಟ್ಟು, ಅದರಲ್ಲಿ ಹುಡುಕಲು ಅಕ್ಷರವೇ ಇರಲಿಲ್ಲ. ಅಂದಿನಿಂದ ಯಾವ ಪಿಡಿಎಫ್ ತೆರೆದರೂ ಮೊದಲು ಎದುರಿಗೇ ಕಾಣುವ ಒಂದು ಪದವನ್ನು ಹುಡುಕಿ ನೋಡುತ್ತೇನೆ. ಅದು ಸಿಗದಿದ್ದರೆ ಆ ಕಡತದಲ್ಲಿ ಹುಡುಕಾಟವನ್ನು ನಂಬುವುದಿಲ್ಲ, ವಿಷಯಸೂಚಿ ಹಿಡಿದು ಓದುತ್ತೇನೆ. ‘ಪ್ರಸ್ತಾಪವಿಲ್ಲ’ ಎಂಬ ಮಾತನ್ನು ಸೂಚಿಯಿಂದಲೇ ತೆಗೆದೆ.

ಆಗಸ್ಟ್ 1ರಿಂದ 11

ಕಡೆಯ ಗಂಟು ಸಂಕವ್ವೆಯದು. ಅವಳ ಬಗ್ಗೆಯೇ ಬರೆದ, ಇಲ್ಲವೇ ಅವಳಿಗೆ ಒಂದು ಭಾಗ ಮೀಸಲಿಟ್ಟ ಹನ್ನೊಂದು ಬರಹಗಳು ನನ್ನ ಬಳಿ ಇದ್ದವು. ಅವಳದಾಗಿ ಉಳಿದಿರುವುದು ಒಂದೇ ಒಂದು ವಚನ, ಅಂಕಿತ ನಿರ್ಲಜ್ಜೇಶ್ವರ. ಅದರ ಮೊದಲ ಮಾತು: ‘ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ. ಹಿಡಿದಡೆ ಬತ್ತಲೆ ನಿಲಿಸಿ ಕೊಲುವರಯ್ಯಾ.’ ಒತ್ತೆ ಎಂದರೆ ವೇಶ್ಯೆಗೆ ಮುಂಗಡವಾಗಿ ಕೊಡುವ ಹಣ, ಇಂದಿನ ‘ಒತ್ತೆಯಾಳು’ ಪದದಲ್ಲಿ ಅದರ ಅಡವಿನ ಅರ್ಥ ಉಳಿದಿದೆ. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದನ್ನು ಹಿಡಿಯೆನು, ವ್ರತಹೀನನೆಂದು ತಿಳಿದೂ ಬೆರೆಯೆನು, ಹಾಗೆ ಮಾಡಿದರೆ ಶಿಕ್ಷೆ ಇದೆ ಎಂಬುದು ವಚನದ ಸಾರ.

ಹನ್ನೊಂದನ್ನೂ ಓದಿ, ಪ್ರತಿಯೊಂದಕ್ಕೂ ಕಾರ್ಡಿನ ಮೇಲೆ ಒಂದೇ ಪ್ರಶ್ನೆ ಕೇಳಿಕೊಂಡೆ: ಈ ವಚನ ಮತ್ತು ಅವಳ ಹೆಸರು ಬಿಟ್ಟು ಲೇಖಕರ ಬಳಿ ಬೇರೆ ಆಧಾರ ಏನಿದೆ? ಎಂಟರಲ್ಲಿ ಏನೂ ಇರಲಿಲ್ಲ. ಆದರೂ ಅವುಗಳಲ್ಲಿ ಅವಳು ವೃತ್ತಿ ಬಿಟ್ಟ ಕಥೆ, ಕಲ್ಯಾಣಕ್ಕೆ ಬಂದ ಕಥೆ, ಪಶ್ಚಾತ್ತಾಪದ ಕಣ್ಣೀರು ಎಲ್ಲ ಇದ್ದವು. ವಚನದಲ್ಲಿ ವೃತ್ತಿ ಬಿಟ್ಟೆನೆಂಬ ಮಾತೇ ಇಲ್ಲ. ವೃತ್ತಿಯ ಕಟ್ಟಳೆಯ ಮಾತಿದೆ, ಅದನ್ನು ಒಬ್ಬ ದೇವರಿಗೆ ನಿಷ್ಠೆ ಎಂಬ ಅರ್ಥಕ್ಕೆ ತಿರುಗಿಸಿ ಓದಬಹುದು. ಕಾಯಕದೊಳಗೇ ವ್ರತ ಹಿಡಿದವಳ ಮಾತು ಎಂದೂ ಓದಬಹುದು. ನಾನು ಎರಡನೆಯ ಓದಿನ ಕಡೆಗೆ ವಾಲುತ್ತೇನೆ, ಆದರೆ ಗ್ರಂಥಸೂಚಿ ನನ್ನ ಓದನ್ನು ಹೇಳುವ ಜಾಗವಲ್ಲ. ಎಂಟನ್ನೂ ತೆಗೆದು, ಎರಡು ಓದುಗಳನ್ನು ಬೇರೆ ಬೇರೆಯಾಗಿ ವಾದಿಸುವ ಎರಡು ಲೇಖನಗಳನ್ನು ಉಳಿಸಿದೆ.

ಹನ್ನೊಂದನೆಯದು ಸೂಸಿ ಥಾರು ಮತ್ತು ಕೆ. ಲಲಿತಾ ಸಂಪಾದಿಸಿದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ ಮೊದಲ ಸಂಪುಟ (1991). ಇದಕ್ಕೆ ಜೂನ್‌ನಲ್ಲಿ ಬರೆದ ಟಿಪ್ಪಣಿ: ‘ಭಾರತೀಯ ಲೇಖಕಿಯರ ಬಗ್ಗೆ ಉಪಯುಕ್ತ ಮಾಹಿತಿಯುಳ್ಳ ಉತ್ತಮ ಕೃತಿ.’ ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಾದ ಲೇಬಲ್ಲು. ಆಗಸ್ಟ್‌ನಲ್ಲಿ ಬರೆದದ್ದು: ‘ಕ್ರಿ.ಪೂ. 600ರಿಂದ 20ನೆಯ ಶತಮಾನದ ಆರಂಭದವರೆಗಿನ ಬರಹಗಳ ಇಂಗ್ಲಿಷ್ ಸಂಕಲನ. ಪ್ರತಿ ಲೇಖಕಿಗೂ ಮೊದಲು ಪರಿಚಯವಿದೆ. ಅಕ್ಕಮಹಾದೇವಿ, ಸೂಳೆ ಸಂಕವ್ವೆ ಇದ್ದಾರೆ. ಥೇರಿಯರು, ಮರಾಠಿ ಸಂತ ಕವಯಿತ್ರಿಯರ ಪಕ್ಕದಲ್ಲಿಟ್ಟು ಶರಣೆಯರನ್ನು ನೋಡಲು ಒಳ್ಳೆಯದು. ಮಿತಿ: ಕನ್ನಡ ಮೂಲವನ್ನು ಕೊಟ್ಟಿಲ್ಲ. ಒತ್ತೆ, ವ್ರತಹೀನ ಮೊದಲಾದ ಪದಗಳ ಮೇಲೆ ವಾದ ಕಟ್ಟುವವರು ಐದನೆಯ ವಚನ ಸಂಪುಟಕ್ಕೇ ಹೋಗಬೇಕು.’ ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಉಳಿದವುಗಳಿಗೂ ಸರಾಸರಿ ಒಂದು ಗಂಟೆ ತಗುಲಿದೆ, ಓದಿದ ಸಮಯ ಬೇರೆ.

ವಿಜಯಾ ರಾಮಸ್ವಾಮಿಯವರ ಎರಡು ಪುಸ್ತಕಗಳ ನಡುವೆ ಒಂದೇ ಸಾಕೆನಿಸಿ ಒಂದನ್ನು ತೆಗೆಯಹೊರಟಿದ್ದೆ. ಸರ್ ತಡೆದರು. 1996ರ ‘ಡಿವಿನಿಟಿ ಅಂಡ್ ಡೀವಿಯನ್ಸ್’ ಪೂರ್ತಿ ವೀರಶೈವ ಮಹಿಳೆಯರ ಬಗ್ಗೆ, 1997ರ ‘ವಾಕಿಂಗ್ ನೇಕೆಡ್’ ಇಡೀ ದಕ್ಷಿಣ ಭಾರತದ ಮೇಲೆ ಹರಡಿಕೊಂಡಿದೆ. ಎರಡೂ ಉಳಿದವು, ಟಿಪ್ಪಣಿಯಲ್ಲಿ ಯಾವುದನ್ನು ಮೊದಲು ಓದಬೇಕು ಎಂದು ಸೂಚಿಸಿದೆ. ಇನ್ನೊಂದು ಪುಸ್ತಕವನ್ನು ಮಾತ್ರ ಓದಿದ ಮೇಲೆ ಬಿಟ್ಟೆ, ಅದರ ಅರ್ಧಭಾಗ ಬೇರೊಂದು ಪುಸ್ತಕದ ಅಧ್ಯಾಯದ ಮರುಬರಹವಾಗಿತ್ತು. ಅಲ್ಲಿಗೆ 34.

ಆಗಸ್ಟ್ 20

ಕಾರ್ಡು 180, ಜೆರಾಕ್ಸ್ 412, ಆಟೋ ಹೋಗಿ ಬರಲು 120, ಮೂರು ಪ್ರತಿ ಮುದ್ರಣ ಮತ್ತು ಸ್ಪೈರಲ್ ಬೈಂಡಿಂಗ್ 270. ಒಟ್ಟು 982 ರೂಪಾಯಿ. ಬಿಲ್ಲುಗಳನ್ನು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ.

22 ಪುಟಗಳ ಸೂಚಿಯಲ್ಲಿ ಬಿಳಿ 7, ಹಳದಿ 6, ನೀಲಿ 21. ಈ ಲೆಕ್ಕ ನೋಡಿ ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ನೀಲಿಯ 21ರಲ್ಲಿ 13 ಅಕ್ಕಮಹಾದೇವಿಯೊಬ್ಬಳ ಮೇಲೆಯೇ ಇವೆ. ಗೊಗ್ಗವ್ವೆ, ಕದಿರೆ ರೆಮ್ಮವ್ವೆಯರಿಗೆ ಪ್ರತ್ಯೇಕ ಅಧ್ಯಯನ ನನಗೆ ಒಂದೂ ಸಿಗಲಿಲ್ಲ. ಅವರ ಹೆಸರಿನ ಎದುರು ‘ವಚನ ಸಂಪುಟ ಮಾತ್ರ’ ಎಂದು ಬರೆದು, ಕೆಳಗೆ ಅವರ ವಚನಗಳ ಮೊದಲ ಸಾಲುಗಳನ್ನು ಕೊಟ್ಟಿದ್ದೇನೆ.

ಬಾಕಿ ಉಳಿದದ್ದು ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಹಳೆಯ ಸಂಚಿಕೆಗಳು. ಮೇಷ್ಟರ ಕಪಾಟಿನ ಕೆಳಗಿನ ಅಂಕಣದಲ್ಲಿ ಒಂದಷ್ಟು ಕಟ್ಟುಗಳಿದ್ದವು, ಅಂದು ಹೊತ್ತಾಗಿತ್ತು. ದಸರಾ ರಜೆಯಲ್ಲಿ ಬಾ ಎಂದಿದ್ದಾರೆ. ಹತ್ತು ಬಿಳಿ ಕಾರ್ಡು, ಮೂವತ್ತು ನೀಲಿ ಕಾರ್ಡು ಮಿಕ್ಕಿವೆ, ಹಳದಿಯನ್ನು ಮಾತ್ರ ಮತ್ತೆ ತರಬೇಕು.